ಸಂಖ್ಯಾ ಸಾದೃಶ್ಯ: ಜೋಡಿ ಒಂದು, ನಿಯಮ ಹಲವು

6 : 36 :: 7 : ? ಎಂಬುದು ಸಂಖ್ಯಾ ಸಾದೃಶ್ಯದ ಅತಿ ಸರಳ ಪ್ರಶ್ನೆ. 6ಕ್ಕೆ 36 ಹೇಗೋ ಹಾಗೆ 7ಕ್ಕೆ ಯಾವುದು ಎಂದು ಇದನ್ನು ಓದಬೇಕು. ಮೊದಲ ಜೋಡಿಯ ಎರಡು ಸಂಖ್ಯೆಗಳನ್ನು ಬೆಸೆದಿರುವ ನಿಯಮವನ್ನು ಪತ್ತೆಹಚ್ಚಿ, ಅದನ್ನೇ ಮೂರನೆಯ ಸಂಖ್ಯೆಗೆ ಅನ್ವಯಿಸಿದರೆ ಉತ್ತರ ಸಿಗುತ್ತದೆ. 36 ಎಂಬುದು 6ರ ವರ್ಗವಾದ್ದರಿಂದ ಇಲ್ಲಿ ಉತ್ತರ 49. ಸ್ಪರ್ಧಾತ್ಮಕ ಪರೀಕ್ಷೆಗಳ ಮಾನಸಿಕ ಸಾಮರ್ಥ್ಯ ವಿಭಾಗದಲ್ಲಿ ಬರುವ ಇಂಥ ಪ್ರಶ್ನೆಗಳಲ್ಲಿ ಪದೇಪದೇ ಕಾಣುವ ನಿಯಮಗಳು ಮೂರು ಬಗೆಯವು: ವರ್ಗ, ಘನ ಮತ್ತು ಅಂಕಿಗಳ ಮೇಲಿನ ಲೆಕ್ಕ. ಲೆಕ್ಕ ಮಾಡುವುದು ಸುಲಭ. ಒಂದೇ ಜೋಡಿಗೆ ಒಂದಕ್ಕಿಂತ ಹೆಚ್ಚು ನಿಯಮ ಹೊಂದಿಕೊಂಡಾಗ ಯಾವುದನ್ನು ಹಿಡಿಯಬೇಕು ಎಂಬಲ್ಲೇ ತೊಡಕು.

ನಿಯಮ ಯಾವ ಬಗೆಯದು ಎಂಬುದರ ಮೊದಲ ಸುಳಿವು ಸಂಖ್ಯೆಗಳ ಗಾತ್ರದಲ್ಲಿದೆ. ಎರಡಂಕಿಯ ಸಂಖ್ಯೆಯ ವರ್ಗದಲ್ಲಿ ಮೂರು ಅಥವಾ ನಾಲ್ಕು ಅಂಕಿಗಳಿರುತ್ತವೆ. ಅದರ ಘನದಲ್ಲಿ ನಾಲ್ಕರಿಂದ ಆರು ಅಂಕಿಗಳಿರುತ್ತವೆ. 14ರ ಪಕ್ಕದಲ್ಲಿ 196 ಇದ್ದರೆ ಅದು ವರ್ಗ, 2744 ಇದ್ದರೆ ಘನ. ಅಂಕಿಗಳ ಲೆಕ್ಕದಲ್ಲಿ ಫಲಿತಾಂಶ ಅಷ್ಟು ಬೆಳೆಯುವುದಿಲ್ಲ. ಎರಡಂಕಿಯ ಸಂಖ್ಯೆಯ ಅಂಕಿಗಳ ಮೊತ್ತ 18ನ್ನು ಮೀರದು, ಗುಣಲಬ್ಧ 81ನ್ನು ಮೀರದು. ಹಾಗಾಗಿ ಎರಡನೆಯ ಸಂಖ್ಯೆ ಮೊದಲನೆಯದಕ್ಕಿಂತ ಚಿಕ್ಕದಾಗಿದ್ದರೆ ಅಂಕಿಗಳ ಲೆಕ್ಕವನ್ನೋ ವರ್ಗಮೂಲ, ಘನಮೂಲಗಳನ್ನೋ ಮೊದಲು ನೋಡುವುದು ಒಳ್ಳೆಯದು.

ಪ್ರಶ್ನೆ ರಚಿಸುವವರು ವರ್ಗವನ್ನು ಹಾಗೆಯೇ ಕೊಡುವುದು ಕಡಿಮೆ. ಅದಕ್ಕೆ ಒಂದನ್ನು ಕೂಡಿಸಿಯೋ ಕಳೆದೋ, ಇಲ್ಲವೇ ಮೂಲ ಸಂಖ್ಯೆಯನ್ನೇ ಕೂಡಿಸಿಯೋ ಕಳೆದೋ ಸ್ವಲ್ಪ ಮರೆಮಾಡುತ್ತಾರೆ. 7 : 50 ಎಂಬಲ್ಲಿ 49ಕ್ಕೆ 1 ಸೇರಿದೆ. 8 : 56 ಎಂಬಲ್ಲಿ 64ರಿಂದ 8 ಕಳೆದಿದೆ. ಘನದ ಪ್ರಶ್ನೆಗಳಲ್ಲೂ ಇದೇ ರೀತಿ: 5 : 130 ಎಂದರೆ 125ಕ್ಕೆ 5 ಕೂಡಿಸಿದ್ದು, ಆ ನಿಯಮದಂತೆ 6ರ ಜೊತೆ 222 ಬರುತ್ತದೆ. ಆದ್ದರಿಂದ ಎರಡನೆಯ ಸಂಖ್ಯೆಯ ಆಸುಪಾಸಿನಲ್ಲಿ ಯಾವ ವರ್ಗ ಅಥವಾ ಘನ ಇದೆ, ಅದಕ್ಕೂ ಕೊಟ್ಟ ಸಂಖ್ಯೆಗೂ ವ್ಯತ್ಯಾಸ ಎಷ್ಟು ಎಂದು ನೋಡಬೇಕು. ಇದಕ್ಕೆ 30ರವರೆಗಿನ ವರ್ಗಗಳು, 15ರವರೆಗಿನ ಘನಗಳು ಬಾಯಿಗೆ ಬಂದರೆ ಸಾಕು.

ಕೊನೆಯ ಅಂಕಿಯೂ ನೆರವಿಗೆ ಬರುತ್ತದೆ. ಯಾವ ಪೂರ್ಣಸಂಖ್ಯೆಯ ವರ್ಗವೂ 2, 3, 7 ಅಥವಾ 8ರಲ್ಲಿ ಕೊನೆಗೊಳ್ಳದು. ಹಾಗೆ ಕೊನೆಗೊಂಡ ಸಂಖ್ಯೆ ಕಂಡರೆ ಅದು ಶುದ್ಧ ವರ್ಗವಲ್ಲ ಎಂದು ಆ ಕ್ಷಣಕ್ಕೇ ಬದಿಗಿಡಬಹುದು. ಘನಗಳು ಹತ್ತು ಅಂಕಿಗಳಲ್ಲಿ ಯಾವುದರಲ್ಲಾದರೂ ಕೊನೆಗೊಳ್ಳುತ್ತವೆ, ಆದರೆ ಅಲ್ಲೊಂದು ಕ್ರಮವಿದೆ. 2ರಲ್ಲಿ ಕೊನೆಗೊಂಡ ಸಂಖ್ಯೆಯ ಘನ 8ರಲ್ಲಿ, 8ರಲ್ಲಿ ಕೊನೆಗೊಂಡದ್ದರ ಘನ 2ರಲ್ಲಿ ಮುಗಿಯುತ್ತದೆ. 3 ಮತ್ತು 7 ಕೂಡ ಹೀಗೆಯೇ ಅದಲುಬದಲಾಗುತ್ತವೆ. ಉಳಿದ ಅಂಕಿಗಳು ಬದಲಾಗದೆ ಉಳಿಯುತ್ತವೆ.

ಅಂಕಿಗಳ ಲೆಕ್ಕದಲ್ಲಿ ಸಂಖ್ಯೆಯನ್ನು ಬಿಡಿಸಿ, ಒಂದೊಂದು ಅಂಕಿಯನ್ನೂ ಬೇರೆಯಾಗಿ ಬಳಸಲಾಗುತ್ತದೆ. 47ನ್ನೇ ತೆಗೆದುಕೊಂಡರೆ ಅಂಕಿಗಳ ಮೊತ್ತ 11, ವ್ಯತ್ಯಾಸ 3, ಗುಣಲಬ್ಧ 28. ಅಂಕಿಗಳ ವರ್ಗಗಳನ್ನು ಕೂಡಿಸಿದರೆ 16 ಮತ್ತು 49 ಸೇರಿ 65. ತಿರುಗಿಸಿ ಬರೆದರೆ 74. ಮೊತ್ತದ ವರ್ಗ 121. ಇವುಗಳಲ್ಲಿ ಯಾವುದನ್ನಾದರೂ 47ರ ಜೋಡಿಯಾಗಿ ಕೊಡಬಹುದು.

ಒಂದೇ ಜೋಡಿಗೆ ಹಲವು ನಿಯಮಗಳು ಹೇಗೆ ಹೊಂದುತ್ತವೆ ಎಂಬುದಕ್ಕೆ 4 : 64 :: 5 : ? ಒಳ್ಳೆಯ ಉದಾಹರಣೆ. 64 ಎಂಬುದು 4ರ ಘನ, ಆಗ ಉತ್ತರ 125. ಅದು 4ರ ಹದಿನಾರು ಪಟ್ಟೂ ಹೌದು, ಆಗ ಉತ್ತರ 80. 4ನ್ನು ಇಮ್ಮಡಿಸಿ ವರ್ಗ ಮಾಡಿದರೂ 64 ಬರುತ್ತದೆ, ಆ ನಿಯಮದಲ್ಲಿ 5ಕ್ಕೆ 100. 4ಕ್ಕೆ 4 ಕೂಡಿಸಿ ವರ್ಗ ಮಾಡಿದರೂ 64, ಹಾಗಾದರೆ 5ಕ್ಕೆ 81. ನಾಲ್ಕು ನಿಯಮಗಳಲ್ಲಿ ಯಾವುದೂ ಗಣಿತದ ದೃಷ್ಟಿಯಿಂದ ತಪ್ಪಲ್ಲ. ಆದರೆ ವಾಡಿಕೆಯಲ್ಲಿ ಘನವನ್ನೇ ಆರಿಸುತ್ತಾರೆ. ಉಳಿದ ಮೂರರಲ್ಲೂ 16, 2, 4 ಎಂಬ ಸಂಖ್ಯೆಯೊಂದನ್ನು ಹೊರಗಿನಿಂದ ತರಬೇಕಾಗುತ್ತದೆ, ಘನಕ್ಕೆ ಅದು ಬೇಕಿಲ್ಲ. ಆಯ್ಕೆಗಳಲ್ಲಿ 125 ಇಲ್ಲದೆ 100 ಮಾತ್ರ ಇದ್ದರೆ ಆಗ ಇಮ್ಮಡಿಸಿ ವರ್ಗ ಮಾಡುವ ನಿಯಮಕ್ಕೆ ಹೋಗಬೇಕು.

ವರ್ಗಮೂಲ, ಘನಮೂಲ ಮತ್ತು ಅಂಕಿಗಳ ಮೊತ್ತ ಒಂದೇ ಆಗಿಬಿಡುವ ಸಂಖ್ಯೆಗಳೂ ಇವೆ. 81 : 9 :: 64 : ? ಎಂಬಲ್ಲಿ 9 ಎಂಬುದು 81ರ ವರ್ಗಮೂಲ, ಅದರ ಅಂಕಿಗಳ ಮೊತ್ತವೂ ಹೌದು. ಮೊದಲ ದಾರಿಯಲ್ಲಿ 64ಕ್ಕೆ 8 ಬರುತ್ತದೆ, ಎರಡನೆಯದರಲ್ಲಿ 10. ಹಾಗೆಯೇ 512ರ ಘನಮೂಲ 8, ಅಂಕಿಗಳ ಮೊತ್ತವೂ 8. ತನ್ನ ಘನಮೂಲವೇ ತನ್ನ ಅಂಕಿಗಳ ಮೊತ್ತವಾಗಿರುವ ಧನ ಪೂರ್ಣಸಂಖ್ಯೆಗಳು ಆರೇ ಆರು: 1, 512, 4913, 5832, 17576 ಮತ್ತು 19683. ಇಂಗ್ಲೆಂಡಿನ ಒಗಟುಗಾರ ಹೆನ್ರಿ ಡ್ಯೂಡೆನಿಯ ಹೆಸರಿನಿಂದ ಇವನ್ನು ಡ್ಯೂಡೆನಿ ಸಂಖ್ಯೆಗಳು ಎನ್ನುತ್ತಾರೆ. ಇವುಗಳಲ್ಲೊಂದು ಮೊದಲ ಜೋಡಿಯಲ್ಲಿ ಬಂದರೆ ಮೂರನೆಯ ಸಂಖ್ಯೆಯನ್ನು ನೋಡಿಯೇ ತೀರ್ಮಾನಿಸಬೇಕು. 512 : 8ರ ಮುಂದೆ 343 ಇದ್ದರೆ ಅದು 7ರ ಘನವಾದ್ದರಿಂದ ಘನಮೂಲದ ಕಡೆಗೆ ಒಲವು. 345 ಇದ್ದರೆ ಅದು ಯಾವುದರ ಘನವೂ ಅಲ್ಲವಾದ್ದರಿಂದ ಅಂಕಿಗಳ ಮೊತ್ತವಾದ 12 ಉತ್ತರ.

ಇನ್ನೂ ನವಿರಾದ ತೊಡಕು 47 : 121 :: 35 : ? ಎಂಬಲ್ಲಿದೆ. ಅಂಕಿಗಳ ಮೊತ್ತದ ವರ್ಗ ಎಂದುಕೊಂಡರೆ 35ಕ್ಕೆ 64. ಆದರೆ 47ಕ್ಕೆ ಅದನ್ನು ತಿರುಗಿಸಿ ಬರೆದ 74ನ್ನು ಕೂಡಿಸಿದರೂ 121 ಬರುತ್ತದೆ. ಆ ನಿಯಮದಲ್ಲಿ 35 ಮತ್ತು 53 ಸೇರಿ 88. ಇದು ಆಕಸ್ಮಿಕವಲ್ಲ. ಎರಡಂಕಿಯ ಸಂಖ್ಯೆಗೆ ಅದರ ತಿರುಗುರೂಪವನ್ನು ಕೂಡಿಸಿದಾಗ ಸಿಗುವುದು ಯಾವಾಗಲೂ ಅಂಕಿಗಳ ಮೊತ್ತದ ಹನ್ನೊಂದು ಪಟ್ಟು. 47ರ ಅಂಕಿಗಳ ಮೊತ್ತವೇ 11 ಆದ್ದರಿಂದ ಹನ್ನೊಂದು ಹನ್ನೊಂದಲೆ ಎಂಬ ಒಂದೇ ಲೆಕ್ಕಕ್ಕೆ ಎರಡೂ ನಿಯಮಗಳು ಬಂದು ನಿಂತಿವೆ. 29, 38, 56 ಮುಂತಾದ ಸಂಖ್ಯೆಗಳಲ್ಲೂ ಹೀಗೆಯೇ ಆಗುತ್ತದೆ. ಆಯ್ಕೆಗಳಲ್ಲಿ 64 ಮತ್ತು 88 ಎರಡೂ ಇದ್ದರೆ ಅದು ಉತ್ತರಿಸುವವರ ದೋಷವಲ್ಲ, ಪ್ರಶ್ನೆಯದೇ ದೋಷ.

ಇಂಥ ಗೊಂದಲ ತಡೆಯುವ ದಾರಿಗಳು ಪ್ರಶ್ನೆಪತ್ರಿಕೆಗಳಲ್ಲೇ ಬಂದಿವೆ. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗದ ಪ್ರಶ್ನೆಗಳಲ್ಲಿ ಒಂದು ಸೂಚನೆ ಕಾಣುತ್ತದೆ: ಲೆಕ್ಕವನ್ನು ಇಡೀ ಸಂಖ್ಯೆಯ ಮೇಲೆಯೇ ಮಾಡಬೇಕು, 13ನ್ನು 1 ಮತ್ತು 3 ಎಂದು ಒಡೆಯುವಂತಿಲ್ಲ. ಆ ಸೂಚನೆ ಇದ್ದಲ್ಲಿ ಅಂಕಿಗಳ ಲೆಕ್ಕಕ್ಕೆ ಎಡೆಯೇ ಇಲ್ಲ, ಹಾಗಾಗಿ 81 : 9ರಲ್ಲಿ ವರ್ಗಮೂಲವೇ ಉಳಿಯುತ್ತದೆ. ಇನ್ನೊಂದು ದಾರಿ ಒಂದರ ಬದಲು ಎರಡು ಜೋಡಿಗಳನ್ನು ಕೊಡುವುದು. 4 : 64ರ ಜೊತೆಗೆ 6 : 216 ಎಂದೂ ಕೊಟ್ಟರೆ ಹದಿನಾರು ಪಟ್ಟಿನ ನಿಯಮ 96ನ್ನು, ಇಮ್ಮಡಿಯ ವರ್ಗ 144ನ್ನು, 4 ಕೂಡಿಸಿದ ವರ್ಗ 100ನ್ನು ಕೊಟ್ಟು ಮೂರೂ ಬಿದ್ದುಹೋಗುತ್ತವೆ. 216ಕ್ಕೆ ತಾಳೆಯಾಗುವುದು ಘನ ಮಾತ್ರ.