ಪಿತ್ರಾರ್ಜಿತ ಹೊಲದಲ್ಲಿ ಗಂಧದ ಮರ

1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಮುಂದೆ ಮೈಸೂರಿನ ಅರಸರೂ ಸರ್ಕಾರವೂ ಆ ಹಕ್ಕನ್ನು ಬಿಟ್ಟುಕೊಡಲಿಲ್ಲ. ಹೊಲ ರೈತನದು, ಅದರಲ್ಲಿ ತಾನಾಗಿ ಹುಟ್ಟಿದ ಗಂಧದ ಮರ ಮಾತ್ರ ಸರ್ಕಾರದ್ದು. ಮರ ಕಳುವಾದರೆ ಮೊದಲ ಅನುಮಾನ ಹೊಲದವನ ಮೇಲೆಯೇ. ಹೀಗಾಗಿ ಬದುವಿನಲ್ಲಿ ಗಂಧದ ಸಸಿ ಕಂಡರೆ ಸದ್ದಿಲ್ಲದೆ ಕಿತ್ತೆಸೆಯುವುದೇ ಜಾಣತನವಾಯಿತು. ಮರವನ್ನು ಕಾಯಬೇಕಿದ್ದ ಕಾನೂನೇ ಅದನ್ನು ಹೊಲದಿಂದ ಓಡಿಸಿತು ಎಂದರೆ ತಪ್ಪಲ್ಲ.

2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಜಮೀನಿನ ಮಾಲೀಕನೇ ಮರದ ಒಡೆಯನಾದ. ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕೆಂಬ ಕಟ್ಟು ಮಾತ್ರ ಉಳಿಯಿತು. ರಾಗಿ, ಜೋಳ ಬೆಳೆಯುತ್ತಿದ್ದ ಎರಡು-ಮೂರು ಎಕರೆಯ ಖುಷ್ಕಿ ಜಮೀನುಗಳಲ್ಲಿ ಗಂಧದ ತೋಟ ಎದ್ದದ್ದು ಇದಾದ ಮೇಲೆ.

ಶ್ರೀಗಂಧ ಒಂಟಿಯಾಗಿ ಬಾಳುವ ಮರವಲ್ಲ. ಎಲೆಯಲ್ಲಿ ಆಹಾರ ತಾನೇ ತಯಾರಿಸಿಕೊಂಡರೂ ನೀರು, ಲವಣಗಳಿಗಾಗಿ ನೆರೆಗಿಡದ ಬೇರಿಗೆ ತನ್ನ ಬೇರನ್ನು ಕಚ್ಚಿಸುತ್ತದೆ. ಅದಕ್ಕೇ ಸಸಿಯ ಪಕ್ಕದಲ್ಲೇ ಮೊದಲು ತೊಗರಿ ಬಿತ್ತುತ್ತಾರೆ. ತೊಗರಿಯ ಆಯುಸ್ಸು ಮುಗಿಯುವುದರೊಳಗೆ ಸರ್ವೆ, ಹೊಂಗೆ ಅಥವಾ ನೆಲ್ಲಿಯಂಥ ಬಹುಕಾಲದ ಆಸರೆ ಮರ ಬೇರು ಬಿಟ್ಟಿರಬೇಕು. ಆಸರೆ ಸಾಲದಿದ್ದರೆ ಎಲೆ ಹಳದಿಯಾಗುತ್ತದೆ, ಗಿಡ ಕುಗ್ಗುತ್ತದೆ. ಗೊಬ್ಬರ ಸುರಿದರೂ ಅದು ಸರಿಹೋಗದು. ನೀರು ನಿಲ್ಲುವ ನೆಲವಂತೂ ಇದಕ್ಕೆ ಆಗದು.

ಹನ್ನೆರಡು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 300 ಸಸಿ ಹಿಡಿಯುತ್ತವೆ. ಇಷ್ಟಕ್ಕೂ ಬೆಲೆ ಇರುವುದು ಮರಕ್ಕಲ್ಲ, ಒಳಗಿನ ಚೇಗಿಗೆ. ಎಣ್ಣೆ ಇರುವುದು ಅದರಲ್ಲಿ ಮತ್ತು ಬೇರಿನಲ್ಲಿ. ಸಸಿ ಮಾರುವವರು ಹೇಳದ ಮಾತೊಂದಿದೆ: ಕಾಂಡ ದಪ್ಪವಾಯಿತೆಂದರೆ ಚೇಗು ತುಂಬಿತೆಂದಲ್ಲ. ಹನಿ ನೀರಾವರಿ, ಗೊಬ್ಬರ ಕೊಟ್ಟು ಬೆಳೆಸಿದ ಮರ ಹತ್ತು ವರ್ಷಕ್ಕೆ ಚೆನ್ನಾಗಿ ಕೊಬ್ಬಿದರೂ ಒಳಗೆ ಬಿಳಿ ಮರವೇ ಇರಬಹುದು; ಕಲ್ಲುನೆಲದಲ್ಲಿ ನಿಧಾನಕ್ಕೆ ಬೆಳೆದದ್ದರಲ್ಲಿ ಚೇಗು ಮೊದಲೇ ಕಟ್ಟಬಹುದು. ಕಾಂಡಕ್ಕೆ ಸಣ್ಣ ಕೊರೆಯುಳಿ ಇಳಿಸಿ ತೆಗೆದ ಎಳೆಯ ಬಣ್ಣ ನೋಡಿದರೆ ಇದು ತಿಳಿಯುತ್ತದೆ.

ಲೆಕ್ಕ ಹೀಗೆ ಹಾಕಬೇಕು: 300ರಲ್ಲಿ ಮೂರನೇ ಒಂದು ಪಾಲು ರೋಗ, ಕಳವಿಗೆ ಹೋಯಿತು ಎಂದಿಟ್ಟುಕೊಂಡರೆ ಉಳಿಯುವುದು 200. ತಲಾ 10 ಕಿಲೋ ಚೇಗೆಂದರೆ ಎರಡು ಟನ್. 3 ಕಿಲೋ ಎಂದರೆ ಬರೀ 600 ಕಿಲೋ. ಎರಡೂ ಲೆಕ್ಕಗಳ ನಡುವಿನ ಅಂತರವೇ ಈ ವ್ಯವಹಾರದ ಅಪಾಯ. ಸ್ಪೈಕ್ ರೋಗ ತಗುಲಿದ ಮರದಲ್ಲಿ ಎಲೆ ಚಿಕ್ಕದಾಗಿ ರೆಂಬೆಯ ತುದಿಗೆ ಒತ್ತಾಗುತ್ತದೆ, ಅದಕ್ಕೆ ಮದ್ದಿಲ್ಲ. ಚೇಗು ಕಟ್ಟತೊಡಗಿದಂದಿನಿಂದ ಬೇಲಿ, ಕಾವಲಿನ ಖರ್ಚು ಏರುತ್ತ ಹೋಗುತ್ತದೆ. ಮನೆಯಿಂದ ದೂರದ, ಯಾರೂ ವಾಸವಿಲ್ಲದ ಹೊಲಕ್ಕೆ ಈ ಬೆಳೆ ಹೊಂದುವುದಿಲ್ಲ.

ನೆಡುವವರು ಸಸಿಗಳನ್ನು ಮೊದಲೇ ಪಹಣಿಯಲ್ಲಿ ನಮೂದಿಸಿಕೊಳ್ಳಲಿ. ಕಡಿಯುವ ಅನುಮತಿ ಕೇಳುವಾಗ ಮರ ತಮ್ಮದೆಂದು ತೋರಿಸಲು ಬೇಕಾಗುವುದು ಆ ದಾಖಲೆಯೇ.