ಕಾಯಿಲೆ ಹೆಸರಿಸದ ರಜೆ ಅರ್ಜಿ

ಖಾಸಗಿ ಶಾಲೆಯ ಗಣಿತ ಶಿಕ್ಷಕಿಯೊಬ್ಬರಿಗೆ ಮೂರು ತಿಂಗಳ ವಿಶ್ರಾಂತಿ ಬೇಕು ಎಂದುಕೊಳ್ಳಿ. ಆಡಳಿತ ಮಂಡಳಿಗೆ ಮುಖ್ಯವಾಗಿ ಬೇಕಿರುವುದು ತಾರೀಖು ಮತ್ತು ಬದಲಿ ವ್ಯವಸ್ಥೆ. ಹೀಗೆ ಬರೆದರೆ ಸಾಕು: 'ಮಾನ್ಯರೇ, ವೈದ್ಯರ ಸಲಹೆಯಂತೆ ಆರೋಗ್ಯ ಸುಧಾರಣೆಗಾಗಿ ಜುಲೈ 1ರಿಂದ ಸೆಪ್ಟೆಂಬರ್ 30ರವರೆಗೆ ರಜೆ ಮಂಜೂರು ಮಾಡಬೇಕೆಂದು ಕೋರುತ್ತೇನೆ. ವಿವರಗಳು ಖಾಸಗಿಯಾದ್ದರಿಂದ ಇಲ್ಲಿ ಬರೆದಿಲ್ಲ. ಎಂಟನೇ ತರಗತಿಯ ಪಾಠಯೋಜನೆ ಲಗತ್ತಿಸಿದ್ದೇನೆ.'

ಪ್ರಮಾಣಪತ್ರದಲ್ಲೂ 'ಈ ಅವಧಿಯಲ್ಲಿ ಕರ್ತವ್ಯಕ್ಕೆ ಹಾಜರಾಗಲು ಅಸಮರ್ಥರು' ಎಂದಷ್ಟೇ ಬರೆದುಕೊಡುವಂತೆ ವೈದ್ಯರನ್ನು ಕೇಳಬಹುದು. ಎಡವಟ್ಟಾಗುವುದು ಔಷಧಿ ಚೀಟಿಯನ್ನೂ ಪಿನ್ ಮಾಡಿದಾಗ. ಮಾತ್ರೆಯ ಹೆಸರೇ ಗುಟ್ಟು ಬಿಟ್ಟುಕೊಡುತ್ತದೆ. ಆಮೇಲೆ ಸ್ಟಾಫ್ ರೂಮಿನ ಬಾಯಿ ಮುಚ್ಚಿಸುವವರು ಯಾರು? ಸಂಬಳಸಹಿತ ರಜೆಯೋ ಅಲ್ಲವೋ ಎಂಬುದನ್ನು ನೇಮಕಾತಿ ಪತ್ರದ ನಿಯಮ ನೋಡಿ ಬರೆಯಬೇಕು. ಅರ್ಜಿಯ ಒಂದು ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಮರಳುವಾಗ ಫಿಟ್‌ನೆಸ್ ಸರ್ಟಿಫಿಕೇಟ್ ಕೇಳಬಹುದು, ಅದಕ್ಕೂ ಕಾಯಿಲೆಯ ಹೆಸರು ಬೇಕಿಲ್ಲ.