ಕಾಯಿಲೆಯ ಹೆಸರು ಹೇಳದೆ ಹಲ್ಲಿನ ಪಾಠ: ಬಡಾವಣೆ ಕ್ಲಿನಿಕ್ಕಿನ ವಾರದ ವಿಡಿಯೊ ಪಟ್ಟಿ

ಮಗುವಿನ ಮುಂದಿನ ಹಲ್ಲಿನ ಮೇಲೆ ಬಿಳಿ ಮಚ್ಚೆ ಕಂಡರೆ ಈಗ ಅಪ್ಪ ಅಮ್ಮ ಮೊದಲು ಮಾಡುವುದು ಮೊಬೈಲಿನಲ್ಲಿ ಫೋಟೊ ತೆಗೆಯುವುದು. ಅದು ಪರಿಚಯದ ದಂತವೈದ್ಯರ ವಾಟ್ಸಾಪಿಗೆ ಹೋಗುತ್ತದೆ. ಜೊತೆಗೊಂದು ಪ್ರಶ್ನೆ: "ಇದು ಹುಳುಕಾ ಡಾಕ್ಟ್ರೇ?" ತುಮಕೂರು ಜಿಲ್ಲೆಯಲ್ಲಿ, ಅದರಲ್ಲೂ ಪಾವಗಡದ ಕಡೆ, ಈ ಪ್ರಶ್ನೆಗೆ ಫೋಟೊ ನೋಡಿ ಉತ್ತರ ಕೊಡುವುದು ಇನ್ನಷ್ಟು ಕಷ್ಟ. ಅಲ್ಲಿನ ಅನೇಕ ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ದವಡೆಯೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು 8 ವರ್ಷದೊಳಗೆ, ಅಂಥ ನೀರು ಕುಡಿದ ಮಕ್ಕಳ ಹಲ್ಲಿನಲ್ಲಿ ಬಿಳಿ ಅಥವಾ ಕಂದು ಕಲೆ ಉಳಿಯುತ್ತದೆ. ಹುಳುಕಿನ ಮೊದಲ ಹಂತವೂ ಬಿಳಿ ಮಚ್ಚೆಯೇ. ಚಿಕ್ಕಂದಿನಲ್ಲಿ ಬಿದ್ದು ಹಾಲುಹಲ್ಲಿಗೆ ಪೆಟ್ಟಾಗಿದ್ದರೆ, ಅದರ ಜಾಗದಲ್ಲಿ ಮೂಡುವ ಹಲ್ಲಿನ ಮೇಲೂ ಮಚ್ಚೆ ಇರಬಹುದು.

ಫೋಟೊದಲ್ಲಿ ಮೂರೂ ಒಂದೇ ಥರ ಕಾಣುತ್ತವೆ. ಕ್ಲಿನಿಕ್ಕಿನ ಕುರ್ಚಿಯಲ್ಲಿ ಹಾಗಲ್ಲ. ಡಾಕ್ಟರು ಹಲ್ಲನ್ನು ಒರೆಸಿ, ಗಾಳಿ ಊದಿ ಒಣಗಿಸಿ ನೋಡುತ್ತಾರೆ. ಎಡಬಲದ ಜೋಡಿ ಹಲ್ಲುಗಳ ಮೇಲೆ ಒಂದೇ ರೀತಿಯ ಕಲೆ ಇದ್ದರೆ ಅವರ ಯೋಚನೆ ಫ್ಲೋರೈಡಿನ ಕಡೆ ಹೋಗುತ್ತದೆ. ಒಸಡಿನ ಅಂಚಿನಲ್ಲಿ, ಕೊಳೆ ಕೂರುವ ಜಾಗದಲ್ಲಿ ಹೊಳಪಿಲ್ಲದ ಒರಟು ಮಚ್ಚೆ ಇದ್ದರೆ ಹುಳುಕಿನ ಅನುಮಾನ ಬರುತ್ತದೆ. ಒಂದೇ ಹಲ್ಲಿನಲ್ಲಿದ್ದರೆ ಹಳೆಯ ಪೆಟ್ಟಿನ ಬಗ್ಗೆ ವಿಚಾರಿಸುತ್ತಾರೆ.

ಕ್ಲಿನಿಕ್ ಒಂದು ಕಿರುವಿಡಿಯೊ ಮಾಡಹೊರಟರೆ ಅದರ ಮಿತಿ ಇಲ್ಲಿದೆ, ಅದಕ್ಕೆ ಬೇಕಾದ ಸರಕೂ ಇಲ್ಲೇ ಇದೆ. "ಬಿಳಿ ಮಚ್ಚೆ ಇದ್ದರೆ ಅದು ಹುಳುಕು" ಎಂದು ಹೇಳುವ ವಿಡಿಯೊ, ನೋಡುವವರ ಬಾಯಿಯನ್ನು ನೋಡದೆಯೇ ರೋಗ ನಿರ್ಣಯ ಮಾಡಿಬಿಡುತ್ತದೆ. ಅದೇ ಮಚ್ಚೆಯನ್ನು ಡಾಕ್ಟರು ಹೇಗೆ ಪರೀಕ್ಷಿಸುತ್ತಾರೆ, ಯಾಕೆ ಒಣಗಿಸುತ್ತಾರೆ, ಯಾಕೆ ಎರಡೂ ಕಡೆ ನೋಡುತ್ತಾರೆ ಎಂದು ತೋರಿಸುವ ವಿಡಿಯೊ ಪಾಠವಾಗುತ್ತದೆ. ತೀರ್ಪನ್ನು ಬಿಟ್ಟು, ತೀರ್ಪಿಗೆ ಬರುವ ದಾರಿಯನ್ನು ತೋರಿಸಬೇಕು. ಇದೊಂದನ್ನು ಬಿಗಿಯಾಗಿ ಹಿಡಿದರೆ ವಾರದ ಪಟ್ಟಿ ಹಾಕುವ ಕೆಲಸ ಬಹಳ ಸುಲಭವಾಗುತ್ತದೆ.

ತುಮಕೂರಿನ ಯಾವುದೋ ಬಡಾವಣೆಯಲ್ಲಿ ಎರಡು ಕುರ್ಚಿಯ ಕ್ಲಿನಿಕ್ ಇದೆ ಎಂದುಕೊಳ್ಳೋಣ. ಒಬ್ಬರು ಡಾಕ್ಟರು, ಒಬ್ಬ ಸಹಾಯಕಿ, ರಿಸೆಪ್ಷನ್ನಿನಲ್ಲಿ ಒಬ್ಬರು. ಇಂಥ ಕಡೆ ವಿಷಯಗಳನ್ನು ಹುಡುಕಿಕೊಂಡು ಇಂಟರ್‌ನೆಟ್ಟಿಗೆ ಹೋಗಬೇಕಿಲ್ಲ. ರಿಸೆಪ್ಷನ್ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟು, ಬಂದವರು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದುಕೊಂಡರೆ ಸಾಕು. "ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತಂತೆ, ಹೌದಾ?" "ಹಾಲುಹಲ್ಲು ತಾನೆ, ಬಿದ್ದೋಗುತ್ತೆ, ಅದನ್ನ ಯಾಕೆ ತುಂಬಿಸಬೇಕು?" "ಮೇಲಿನ ಹಲ್ಲು ಕೀಳಿಸಿದ್ರೆ ಕಣ್ಣಿಗೆ ತೊಂದ್ರೆ ಆಗಲ್ವಾ?" ಹೀಗೆ ಬರೆಯುತ್ತ ಹೋದರೆ ಒಂದು ತಿಂಗಳಲ್ಲಿ ಯಾವ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ ಎಂಬುದು ತಿಳಿಯುತ್ತದೆ. ಜನರ ಮಾತನ್ನು ತಿದ್ದಿ ಬರೆಯಬಾರದು. ವಿಡಿಯೊದ ಮೊದಲ ಸಾಲು ಅದೇ ಆಗಬೇಕು, ಏಕೆಂದರೆ ಬೆರಳು ಮುಂದಿನ ವಿಡಿಯೊಗೆ ಜಾರುವ ಮೊದಲು ಸಿಗುವುದು ಎರಡು ಮೂರು ಸೆಕೆಂಡ್ ಮಾತ್ರ.

ಪಟ್ಟಿಯ ಲೆಕ್ಕ ಸರಳ. ವಾರಕ್ಕೆ ಒಂದೇ ವಿಷಯ, ಅದರ ಮೇಲೆ ಮೂರು ವಿಡಿಯೊ. ಸೋಮವಾರದ್ದು ಮನೆಯಲ್ಲಿ ಗಮನಿಸಬೇಕಾದದ್ದು, ಬುಧವಾರದ್ದು ಮನೆಯಲ್ಲಿ ಮಾಡಬಹುದಾದದ್ದು, ಶನಿವಾರದ್ದು ಕುರ್ಚಿಯಲ್ಲಿ ನಡೆಯುವುದು ಮತ್ತು ಯಾವಾಗ ಬರಬೇಕು ಎಂಬುದು. ದಿನಕ್ಕೊಂದು ಹಾಕುತ್ತೇವೆ ಎಂದು ಹೊರಟ ಕ್ಲಿನಿಕ್ ಬಹುಬೇಗ ವಿಷಯ ಸಾಲದೆ ಹಬ್ಬದ ಶುಭಾಶಯ ಹಾಕತೊಡಗುತ್ತದೆ. ಮೂರಾದರೆ ಉಸಿರಾಡಲು ಬಿಡುವಿರುತ್ತದೆ.

ಹಾಳೆಯಲ್ಲಿ ದಿನಾಂಕ, ವಿಷಯ, ನೋಡಿದವರ ನೆನಪಿನಲ್ಲಿ ಉಳಿಯಬೇಕಾದ ಒಂದು ವಾಕ್ಯ ಇವೆಲ್ಲ ಇದ್ದೇ ಇರುತ್ತವೆ. ಇವುಗಳ ಪಕ್ಕದಲ್ಲಿ ಇನ್ನೊಂದು ಕಾಲಂ ಕಡ್ಡಾಯವಾಗಿ ಬೇಕು: "ಹೇಳಬಾರದ ಮಾತು". ಕ್ಯಾಮೆರಾ ಮುಂದೆ ಮಾತಿನ ಭರದಲ್ಲಿ ಬಾಯಿಂದ ಜಾರಬಹುದಾದ ವಾಕ್ಯವನ್ನು ಮೊದಲೇ ಊಹಿಸಿ ಅಲ್ಲಿ ಬರೆಯುವುದು. ಅದನ್ನು ಗುರುತಿಸುವುದು ಕಷ್ಟವಲ್ಲ. "ನಿಮಗೆ" ಎಂದು ಶುರುವಾಗಿ ಕಾಯಿಲೆ ಅಥವಾ ಚಿಕಿತ್ಸೆಯ ಹೆಸರಿನಲ್ಲಿ ಮುಗಿಯುವ ವಾಕ್ಯಗಳೆಲ್ಲ ಆ ಕಾಲಂನವು. "ತಣ್ಣೀರು ಕುಡಿದರೆ ಝುಂ ಎನ್ನುತ್ತದೆಯೇ? ನಿಮಗೆ ರೂಟ್ ಕೆನಾಲ್ ಬೇಕು" ಎನ್ನುವುದು ಸರಿಯಲ್ಲ. ಒಸಡು ಸರಿದು ಬೇರು ಹೊರಬಂದಿರಬಹುದು, ಹುಳುಕಿರಬಹುದು, ಬಿರುಕಿರಬಹುದು, ಗಸಗಸ ಉಜ್ಜಿ ಹಲ್ಲು ಸವೆದಿರಬಹುದು; ಯಾವುದೆಂದು ತಿಳಿಯಲು ಡಾಕ್ಟರು ಹಲ್ಲಿಗೆ ಗಾಳಿ ಬಿಟ್ಟು, ತಟ್ಟಿ, ಬೇಕಾದರೆ ಎಕ್ಸ್‌ರೇ ತೆಗೆದು ನೋಡುತ್ತಾರೆ ಎಂದರೆ ಸರಿ.

ಈಗ ಒಂದು ವಾರವನ್ನು ಪೂರ್ತಿ ತುಂಬಿಸಿ ನೋಡೋಣ. ಜೂನ್, ಶಾಲೆಗಳು ಶುರುವಾದ ಹೊಸತು. ವಿಷಯ: ಆರನೇ ವರ್ಷದ ದವಡೆ ಹಲ್ಲು. ಇದನ್ನು ಆರಿಸಲು ಬಲವಾದ ಕಾರಣವಿದೆ. ಸುಮಾರು 6ನೇ ವಯಸ್ಸಿಗೆ ಬರುವ ಈ ಹಲ್ಲು ಹಾಲುಹಲ್ಲುಗಳ ಹಿಂದೆ, ಖಾಲಿ ಜಾಗದಲ್ಲಿ ಹುಟ್ಟುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲವಾದ್ದರಿಂದ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾದರೂ ಹಾಲುಹಲ್ಲೆಂದು ಸುಮ್ಮನಾಗುತ್ತಾರೆ. ಇದು ಹಾಳಾದರೆ ಇದರ ಜಾಗಕ್ಕೆ ಬೇರೆ ಹಲ್ಲು ಬರುವುದಿಲ್ಲ.

ಸೋಮವಾರದ ವಿಡಿಯೊ 40 ಸೆಕೆಂಡ್. ಪರದೆಯ ಮೇಲೆ ದೊಡ್ಡಕ್ಷರದಲ್ಲಿ "ಈ ಹಲ್ಲು ಬಿದ್ದು ಮತ್ತೆ ಬರಲ್ಲ". ಡಾಕ್ಟರ ಕೈಯಲ್ಲಿ ಮಗುವಿನ ದವಡೆಯ ಮಾದರಿ. ಮುಖದ ನಡುಗೆರೆಯಿಂದ ಹಿಂದಕ್ಕೆ ಒಂದು, ಎರಡು ಎಂದು ಬೆರಳಿಟ್ಟು ಎಣಿಸುತ್ತಾರೆ. ಹಾಲುಹಲ್ಲು ಒಂದೊಂದು ಬದಿಗೆ ಐದೇ. ಆರನೆಯದು ಸಿಕ್ಕರೆ ಅದೇ ಕಾಯಂ ಹಲ್ಲು. ಕೈ ತೊಳೆದುಕೊಂಡು, ಬೆಳಕಿನಲ್ಲಿ ಮಗುವಿನ ಬಾಯಲ್ಲಿ ಎಣಿಸಿ ನೋಡಿ ಎನ್ನುವಲ್ಲಿಗೆ ಮುಗಿಯಿತು. ಹೇಳಬಾರದ ಮಾತು: "ಕಪ್ಪು ಗೆರೆ ಕಂಡರೆ ಹುಳುಕು ಹಿಡಿದಿದೆ". ದವಡೆ ಹಲ್ಲಿನ ಗೀರಿನಲ್ಲಿ ಬರೀ ಕಲೆಯೂ ಕೂರಬಹುದು.

ಬುಧವಾರ ಬ್ರಷ್ಷಿನ ಪಾಠ. ಹೊಸ ಹಲ್ಲು ಪೂರ್ತಿ ಮೇಲೆ ಬರುವವರೆಗೆ ಪಕ್ಕದ ಹಲ್ಲುಗಳಿಗಿಂತ ತಗ್ಗಿನಲ್ಲಿರುತ್ತದೆ. ಎಂದಿನಂತೆ ಹಿಂದೆ ಮುಂದೆ ಉಜ್ಜಿದರೆ ಬ್ರಷ್ ಅದರ ಮೇಲೆ ತಾಗದೆ ಹಾದುಹೋಗುತ್ತದೆ. ಬ್ರಷ್ಷನ್ನು ಕೆನ್ನೆಯ ಕಡೆಯಿಂದ ಅಡ್ಡವಾಗಿ ಹಿಡಿದು ಆ ಒಂದು ಹಲ್ಲನ್ನೇ ಉಜ್ಜಬೇಕು. ಇದನ್ನು ಹತ್ತಿರದಿಂದ, ನಿಧಾನವಾಗಿ, ಮಾದರಿಯ ಮೇಲೆ ತೋರಿಸಬೇಕು; ಇಡೀ ವಾರದಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ದೃಶ್ಯ ಇದೇ. ಫ್ಲೋರೈಡ್ ಪೇಸ್ಟು 3ರಿಂದ 6 ವರ್ಷದವರೆಗೆ ಬಟಾಣಿ ಕಾಳಿನಷ್ಟು, 3 ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಉಜ್ಜಿದ ಮೇಲೆ ಉಗಿಯಬೇಕು ಎಂಬ ಮಾತನ್ನೂ ಇಲ್ಲೇ ಸೇರಿಸಬಹುದು. ಕುಡಿಯುವ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಊರಿನವರು ಮಗುವಿನ ಪೇಸ್ಟಿನ ಬಗ್ಗೆ ಡಾಕ್ಟರನ್ನು ಕೇಳಿಕೊಳ್ಳಲಿ ಎಂಬ ಒಂದು ಸಾಲು ಈ ಜಿಲ್ಲೆಯಲ್ಲಿ ಬೇಕೇ ಬೇಕು.

ಶನಿವಾರ ಕುರ್ಚಿಯ ವಿಡಿಯೊ. ಪುಟ್ಟ ಕನ್ನಡಿ, ಗಾಳಿಯ ನಳಿಕೆ, ದೀಪ. ಕೆಲವು ಮಕ್ಕಳ ದವಡೆ ಹಲ್ಲಿನ ಗೀರುಗಳು ಬ್ರಷ್ಷಿನ ಎಳೆಗೂ ಸಿಗದಷ್ಟು ಕಿರಿದಾಗಿರುತ್ತವೆ. ಅವನ್ನು ಮುಚ್ಚಲು ತೆಳ್ಳಗೆ ಬಳಿಯುವ ಲೇಪ ಒಂದಿದೆ, ಅದಕ್ಕೆ ಸೀಲೆಂಟ್ ಎನ್ನುತ್ತಾರೆ, ಯಾವ ಮಗುವಿಗೆ ಬೇಕು ಎಂಬುದು ಹಲ್ಲು ನೋಡಿದ ಮೇಲೆ ಗೊತ್ತಾಗುತ್ತದೆ. ಹೇಳಬಾರದ ಮಾತು: "ಎಲ್ಲ ಮಕ್ಕಳಿಗೂ ಹಾಕಿಸಲೇಬೇಕು". ಕೊನೆಯ 10 ಸೆಕೆಂಡಿನಲ್ಲಿ ಯಾವುದಕ್ಕೆ ಕಾಯಬಾರದು ಎಂದು ಹೇಳಬೇಕು. ನಿದ್ದೆಯಿಂದ ಎಬ್ಬಿಸುವ ನೋವು, ಒಸಡಿನ ಊತ, ಊತದ ಜೊತೆ ಜ್ವರ ಇದ್ದರೆ ಅಂದೇ ತೋರಿಸಬೇಕು. ಊತ ಕಣ್ಣಿನವರೆಗೆ ಅಥವಾ ಕುತ್ತಿಗೆಗೆ ಹರಡಿದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ನೇರ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಇಲ್ಲಿ ಯಾವ ಕಾಯಿಲೆಯ ಹೆಸರೂ ಬರುವುದಿಲ್ಲ. ಎಷ್ಟು ಬೇಗ ಹೊರಡಬೇಕು ಎಂಬುದಷ್ಟೇ ಬರುತ್ತದೆ, ಮನೆಯವರಿಗೆ ಬೇಕಾದದ್ದೂ ಅದೇ.

ಚಿತ್ರೀಕರಣ ತಿಂಗಳಿಗೊಮ್ಮೆ, ಕ್ಲಿನಿಕ್ ರಜೆಯಿರುವ ಭಾನುವಾರ ಮಧ್ಯಾಹ್ನ ಒಟ್ಟಿಗೆ ಮುಗಿಸುವುದು ಒಳ್ಳೆಯದು. ಮೊಬೈಲನ್ನು ಉದ್ದಕ್ಕೆ ನಿಲ್ಲಿಸಿ ತೆಗೆಯಬೇಕು. ಬಸ್ಸಿನಲ್ಲಿ, ಮಲಗಿದ ಮಗುವಿನ ಪಕ್ಕದಲ್ಲಿ ಸದ್ದು ಆರಿಸಿ ನೋಡುವವರು ಬಹಳ, ಹಾಗಾಗಿ ಕನ್ನಡದ ಸಬ್‌ಟೈಟಲ್ ಇರಲೇಬೇಕು. ಪರದೆಯ ಕೆಳಭಾಗವನ್ನೂ ಬಲ ಅಂಚನ್ನೂ ಆಪ್‌ನ ಬಟನ್‌ಗಳು ಮುಚ್ಚುತ್ತವೆ. ಅಕ್ಷರಗಳು ಅಲ್ಲಿಗೆ ಹೋಗಬಾರದು. ರೋಗಿಯ ಬಾಯಿಗಿಂತ ಪ್ಲಾಸ್ಟಿಕ್ ಮಾದರಿಯೇ ವಾಸಿ. ಅನಿವಾರ್ಯವಾಗಿ ರೋಗಿಯನ್ನು ತೋರಿಸುವುದಾದರೆ ಲಿಖಿತ ಒಪ್ಪಿಗೆ ಬೇಕು, ಮಗುವಾದರೆ ಪೋಷಕರದ್ದು. ಎಕ್ಸ್‌ರೇ ತೋರಿಸುವಾಗ ಮೂಲೆಯಲ್ಲಿರುವ ಹೆಸರು, ದಿನಾಂಕ ಮುಚ್ಚಿದೆಯೇ ಎಂದು ಇನ್ನೊಬ್ಬರು ನೋಡಬೇಕು.

ಕಾನೂನಿನ ಗೆರೆಯೂ ಇದೆ. ಭಾರತೀಯ ದಂತ ಪರಿಷತ್ತು 2014ರಲ್ಲಿ ಪರಿಷ್ಕರಿಸಿದ ನೀತಿ ಸಂಹಿತೆಯ ಪ್ರಕಾರ ದಂತವೈದ್ಯರು ನೇರವಾಗಿ ಆಗಲಿ, ಸುತ್ತಿಬಳಸಿ ಆಗಲಿ ರೋಗಿಗಳನ್ನು ತಮ್ಮತ್ತ ಸೆಳೆಯಲು ಯತ್ನಿಸುವುದು ತಪ್ಪು. ಆದ್ದರಿಂದ "ಈ ವಾರ ಕ್ಲೀನಿಂಗ್ ಅರ್ಧ ಬೆಲೆಗೆ" ಎಂಬ ಸಾಲಿಗೆ ಈ ಪಟ್ಟಿಯಲ್ಲಿ ಜಾಗವಿಲ್ಲ. "ನಮ್ಮಲ್ಲಿಗೇ ಬನ್ನಿ" ಎನ್ನುವುದರ ಬದಲು "ನಿಮ್ಮ ದಂತವೈದ್ಯರಿಗೆ ತೋರಿಸಿ" ಎಂದರೆ ಪಾಠವೂ ಉಳಿಯುತ್ತದೆ, ನಂಬಿಕೆಯೂ ಉಳಿಯುತ್ತದೆ.

ಪಟ್ಟಿ ದಾರಿ ತಪ್ಪುತ್ತಿದೆ ಎಂಬುದು ಲೈಕುಗಳ ಲೆಕ್ಕದಿಂದ ತಿಳಿಯುವುದಿಲ್ಲ. ಬರುವ ಮೆಸೇಜುಗಳನ್ನು ಓದಬೇಕು. ವಿಡಿಯೊ ನೋಡಿದವರು "ನನಗೂ ಅದೇ ಇದೆ, ಯಾವ ಮಾತ್ರೆ ತಗೊಳ್ಲಿ?" ಎಂದು ಕೇಳತೊಡಗಿದರೆ, ಆ ವಿಡಿಯೊ ಎಲ್ಲೋ ಕಾಯಿಲೆಯ ಹೆಸರು ಹೇಳಿಬಿಟ್ಟಿದೆ ಎಂದೇ ಅರ್ಥ, ಅದನ್ನು ತೆಗೆದು ತಿದ್ದಬೇಕು. "ಆರನೇ ಹಲ್ಲು ಬಂದಿದೆ, ತೋರಿಸಬೇಕಿತ್ತು" ಎಂದು ಬಂದವರ ಹೆಸರು ರಿಸೆಪ್ಷನ್ ಪುಸ್ತಕದಲ್ಲಿ ಸೇರಿದರೆ ಪಾಠ ತಲುಪಿದೆ. ಫೋಟೊ ಕಳಿಸಿದವರಿಗೆ ಒಂದೇ ಉತ್ತರ ಸಿದ್ಧವಿರಲಿ: "ಫೋಟೊ ನೋಡಿ ಹೇಳಿದರೆ ತಪ್ಪಾಗಬಹುದು. ಊತ, ಜ್ವರ, ನುಂಗಲು ಕಷ್ಟ ಇದೆಯಾ ತಿಳಿಸಿ. ಇಲ್ಲದಿದ್ದರೆ ಬಿಡುವು ನೋಡಿಕೊಂಡು ಹತ್ತಿರದ ದಂತವೈದ್ಯರಿಗೆ ತೋರಿಸಿ."

ತಿಂಗಳ ನಾಲ್ಕನೇ ವಾರವನ್ನು ಖಾಲಿ ಬಿಡಬೇಕು. ಚಿತ್ರೀಕರಣದ ದಿನ ಒಂಬತ್ತೇ ವಿಡಿಯೊ ಸಾಕು. ಉಳಿದ ಮೂರರ ಜಾಗ ಊರಿನಲ್ಲಿ ಆಗುವ ಸಂಗತಿಗಳಿಗೆ. ಶಾಲಾ ಕ್ರೀಡಾಕೂಟದಲ್ಲಿ ಬಿದ್ದು ಹಲ್ಲು ಬುಡಸಮೇತ ಕಿತ್ತುಬಂದ ಸುದ್ದಿ ಬಂದರೆ ಆ ವಾರಕ್ಕೆ ಅದೇ ವಿಷಯ. ಕಾಯಂ ಹಲ್ಲಾದರೆ ಬೇರನ್ನು ಮುಟ್ಟದೆ ಮೇಲ್ಭಾಗ ಹಿಡಿದು ಎತ್ತಿಕೊಳ್ಳಬೇಕು, ಮಣ್ಣಾಗಿದ್ದರೆ ಹಾಲಿನಲ್ಲಿ ಮೆಲ್ಲಗೆ ಅದ್ದಿ ತೆಗೆಯಬೇಕು, ಉಜ್ಜಬಾರದು. ಆಗುವುದಾದರೆ ಅದೇ ಜಾಗದಲ್ಲಿ ಕೂರಿಸಬೇಕು, ಆಗದಿದ್ದರೆ ತಣ್ಣನೆಯ ಹಾಲಿನಲ್ಲಿಟ್ಟು ಅರ್ಧ ಗಂಟೆಯೊಳಗೆ, ತಡವೆಂದರೆ ಒಂದು ಗಂಟೆಯೊಳಗೆ ದಂತವೈದ್ಯರನ್ನು ತಲುಪಬೇಕು. ಹಾಲುಹಲ್ಲಾದರೆ ಮತ್ತೆ ಕೂರಿಸುವಂತಿಲ್ಲ, ಆದರೂ ತೋರಿಸಬೇಕು. ಈ ವಿಡಿಯೊ ಅಪ್ಪ ಅಮ್ಮಂದಿರಿಗಿಂತ ಮೊದಲು ಪಿ.ಟಿ. ಮೇಷ್ಟ್ರಿಗೆ ತಲುಪಬೇಕು. ಆದ್ದರಿಂದ ಇದನ್ನು ಎಲ್ಲದರಂತೆ ಸಂಜೆ ಹಾಕದೆ, ಸೋಮವಾರ ಬೆಳಿಗ್ಗೆ ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲೇ ಬಡಾವಣೆಯ ಶಾಲೆಗಳ ವಾಟ್ಸಾಪ್ ಗುಂಪಿಗೆ ಕಳಿಸಬೇಕು.